ಕಥೆಯೊಳಗಿನ ಸಂಘರ್ಷ: ಪ್ರಕೃತಿ, ಸಮಾಜ, ಮನಸ್ಸು – ಪದೇ ಪದೇ ಕೇಳುವ ಪ್ರಶ್ನೆಗಳು

ಸಂಘರ್ಷ ಅಂದರೆ ಜಗಳ, ಹೊಡೆದಾಟ ಇರಲೇಬೇಕಾ?

ಬೇಕಿಲ್ಲ. ಕಥೆಯಲ್ಲಿ ಒಬ್ಬರಿಗೆ ಏನೋ ಒಂದು ಬೇಕಾಗಿರುತ್ತದೆ. ಅದಕ್ಕೆ ಏನೋ ಒಂದು ಅಡ್ಡ ನಿಲ್ಲುತ್ತದೆ. ಅಡ್ಡ ನಿಂತದ್ದನ್ನು ದಾಟಲು ಆ ವ್ಯಕ್ತಿ ಏನನ್ನಾದರೂ ಕಳೆದುಕೊಳ್ಳಬೇಕಾಗುತ್ತದೆ. ಈ ಮೂರೂ ಇದ್ದರೆ ಅಲ್ಲಿ ಸಂಘರ್ಷ ಇದೆ, ಯಾರೂ ದನಿ ಎತ್ತರಿಸದಿದ್ದರೂ ಸರಿ. ಇಬ್ಬರು ಪುಟಗಟ್ಟಲೆ ಬೈದಾಡಿಕೊಂಡರೂ ಯಾರಿಗೂ ಏನೂ ಬೇಕಾಗಿಲ್ಲ, ಏನೂ ಕಳೆದುಹೋಗುವುದಿಲ್ಲ ಅಂದರೆ ಅದು ಬರೀ ಗಲಾಟೆ.

ಪ್ರಕೃತಿ, ಸಮಾಜ, ಮನಸ್ಸು – ಯಾವ ಕಥೆಯಲ್ಲಿ ಯಾವ ಸಂಘರ್ಷ ಇದೆ ಅಂತ ಗುರುತಿಸುವುದು ಹೇಗೆ?

ಎಷ್ಟೋ ಜನ ಕಥೆ ಎಲ್ಲಿ ನಡೆಯುತ್ತದೆ ಅಂತ ನೋಡಿ ಹೇಳಿಬಿಡುತ್ತಾರೆ. ಕಾಡಿನಲ್ಲಿ ನಡೆದರೆ ಪ್ರಕೃತಿ, ಅಗ್ರಹಾರದಲ್ಲಿ ನಡೆದರೆ ಸಮಾಜ, ಒಬ್ಬನೇ ಕೋಣೆಯಲ್ಲಿ ಕೂತಿದ್ದರೆ ಮನಸ್ಸು. ಇದು ಅರ್ಧ ಸಲ ತಪ್ಪಾಗುತ್ತದೆ.

ಇದಕ್ಕಿಂತ ನಂಬಬಹುದಾದ ದಾರಿ ಒಂದಿದೆ. ಕಥೆಯ ದಿಕ್ಕು ಬದಲಾಗುವ ಜಾಗವನ್ನು ಹುಡುಕಿ. ಆ ವ್ಯಕ್ತಿ ಬೇರೆ ಏನಾದರೂ ಮಾಡಿದ್ದರೆ ಕಥೆ ಬೇರೆಯೇ ಆಗುತ್ತಿತ್ತು ಅನ್ನಿಸುವ ಗಳಿಗೆ ಅದು. ಅಲ್ಲಿ ಅವರ ಕೈ ಕಟ್ಟಿದ್ದು ಯಾವುದು ಅಂತ ಕೇಳಿ. ಚಳಿಯೋ, ಊರಿನ ಕಟ್ಟಳೆಯೋ, ಅವರದ್ದೇ ಆಸೆ, ಹೆದರಿಕೆ, ಜಂಬವೋ? ಆ ಉತ್ತರವೇ ಕಥೆಯ ಮುಖ್ಯ ಸಂಘರ್ಷ. ಮುಂದಿನ ಎಲ್ಲ ಕಥೆಗಳನ್ನೂ ಈ ಒಂದು ಪ್ರಶ್ನೆ ಹಿಡಿದುಕೊಂಡೇ ನೋಡೋಣ.

ಮನುಷ್ಯ ಮತ್ತು ಪ್ರಕೃತಿಯ ಸಂಘರ್ಷಕ್ಕೆ ಒಳ್ಳೆಯ ಉದಾಹರಣೆ ಯಾವುದು?

ಜ್ಯಾಕ್ ಲಂಡನ್ 1908ರಲ್ಲಿ ಪ್ರಕಟಿಸಿದ ‘ಟು ಬಿಲ್ಡ್ ಎ ಫೈರ್’. ಕೆನಡಾದ ಯೂಕಾನ್ ಪ್ರದೇಶ. ಹೆಸರಿಲ್ಲದ ಒಬ್ಬ ಮನುಷ್ಯ, ಜೊತೆಗೆ ಒಂದು ನಾಯಿ. ಸಂಜೆ ಆರಕ್ಕೆ ಗೆಳೆಯರಿರುವ ಬಿಡಾರ ಸೇರಬೇಕು, ಅಷ್ಟೇ ಅವನ ಗುರಿ. ಚಳಿ ಸೊನ್ನೆಗಿಂತ 75 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿದೆ. ನಮ್ಮ ಲೆಕ್ಕದಲ್ಲಿ ಮೈನಸ್ 59 ಸೆಲ್ಸಿಯಸ್ ಹತ್ತಿರ. ಅವನು ಉಗುಳಿದರೆ ಎಂಜಲು ನೆಲಕ್ಕೆ ಬೀಳುವ ಮೊದಲೇ ಗಾಳಿಯಲ್ಲಿ ಚಟ್ ಅನ್ನುತ್ತದೆ. ಐವತ್ತು ಡಿಗ್ರಿ ಕೆಳಗಿದ್ದರೆ ಎಂಜಲು ಹಿಮದ ಮೇಲೆ ಬಿದ್ದು ಚಟ್ ಅನ್ನುತ್ತದೆ ಅಂತ ಅವನಿಗೆ ಗೊತ್ತಿತ್ತು. ಗಾಳಿಯಲ್ಲೇ ಹಾಗಾದರೆ ಚಳಿ ಇನ್ನೂ ಜಾಸ್ತಿ ಅನ್ನುವುದೂ ತಿಳಿಯುತ್ತದೆ. ಆದರೆ ಹಾಗಾದರೆ ತನಗೇನಾಗಬಹುದು ಅಂತ ಅವನು ಯೋಚಿಸುವುದಿಲ್ಲ.

ಈ ಕಥೆಯಲ್ಲಿ ಪ್ರಕೃತಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಹೆಪ್ಪುಗಟ್ಟಿದ ತೊರೆಯ ಮೇಲೆ ಹಿಮ, ಅದರ ಕೆಳಗೆ ಅಲ್ಲಲ್ಲಿ ಹೆಪ್ಪುಗಟ್ಟದ ಊಟೆ ನೀರು. ಕಾಲಿಟ್ಟರೆ ಒಳಗೆ ಹೋಗುತ್ತದೆ. ಅವನಿಗೆ ಇದು ಗೊತ್ತು, ಅದಕ್ಕೆ ನಾಯಿಯನ್ನು ಮುಂದೆ ತಳ್ಳಿ ಪರೀಕ್ಷೆ ಮಾಡುತ್ತಾನೆ. ಹಾಗಿದ್ದೂ ಏನೂ ಸುಳಿವಿಲ್ಲದ ಒಂದು ಜಾಗದಲ್ಲಿ ಅವನ ಕಾಲು ನೀರಿಗೆ ಬೀಳುತ್ತದೆ. ಪಾದದಿಂದ ಮೊಣಕಾಲಿಗೆ ಅರ್ಧದವರೆಗೆ ಒದ್ದೆ. ಆ ಚಳಿಯಲ್ಲಿ ಒದ್ದೆ ಕಾಲು ಅಂದರೆ ಕೂಡಲೇ ಬೆಂಕಿ ಹಾಕಿ ಒಣಗಿಸಿಕೊಳ್ಳಬೇಕು, ಇಲ್ಲವಾದರೆ ಕಾಲು ಹೋಯಿತು.

ಅವನು ಬೆಂಕಿ ಹಾಕುತ್ತಾನೆ. ಚೆನ್ನಾಗಿಯೇ ಹೊತ್ತಿಕೊಳ್ಳುತ್ತದೆ. ಆದರೆ ಹಾಕಿದ್ದು ಒಂದು ಸ್ಪ್ರೂಸ್ ಮರದ ಕೆಳಗೆ. ಒಣ ಪುರುಳೆ ಮುರಿದು ಹಾಕಲು ಅದೇ ಸುಲಭ ಅಂತ. ಕೊಂಬೆಗಳ ತುಂಬ ಹಿಮ ಕೂತಿದೆ. ಪ್ರತಿ ಸಲ ಕಡ್ಡಿ ಎಳೆದಾಗ ಮರ ಒಂದಿಷ್ಟು ಅಲುಗುತ್ತದೆ. ಕೊನೆಗೆ ಮೇಲಿನ ಕೊಂಬೆಯ ಹಿಮ ಕೆಳಗಿನ ಕೊಂಬೆಗೆ, ಅಲ್ಲಿಂದ ಇನ್ನೂ ಕೆಳಕ್ಕೆ ಜಾರಿ, ಎಲ್ಲ ಒಟ್ಟಿಗೆ ಬೆಂಕಿಯ ಮೇಲೆ ಬೀಳುತ್ತದೆ. ಬೆಂಕಿ ಆರಿಹೋಗುತ್ತದೆ.

ಎರಡನೇ ಸಲ ಬಯಲಲ್ಲಿ ಪ್ರಯತ್ನ ಮಾಡುತ್ತಾನೆ. ಅಷ್ಟರಲ್ಲಿ ಬೆರಳುಗಳಿಗೆ ಜೀವವಿಲ್ಲ. ಒಂದು ಬೆಂಕಿಕಡ್ಡಿ ಹಿಡಿಯಲೂ ಆಗುವುದಿಲ್ಲ. ಎಪ್ಪತ್ತು ಕಡ್ಡಿಗಳ ಕಟ್ಟನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದು ಒಟ್ಟಿಗೇ ಗೀರುತ್ತಾನೆ. ತನ್ನ ಮಾಂಸ ಸುಡುವ ವಾಸನೆ ಬರುತ್ತದೆ. ಹೇಗೋ ಒಂದು ಸಣ್ಣ ಬೆಂಕಿ ಹುಟ್ಟುತ್ತದೆ. ಅದರ ಮೇಲೆ ಬಿದ್ದ ಹಸಿ ಪಾಚಿಯನ್ನು ತೆಗೆಯಲು ಹೋದಾಗ ನಡುಗುವ ಕೈ ಬೆಂಕಿಯನ್ನೇ ಚೆಲ್ಲಾಪಿಲ್ಲಿ ಮಾಡುತ್ತದೆ. ನಾಯಿಯನ್ನು ಕೊಂದು ಅದರ ಹೊಟ್ಟೆಯಲ್ಲಿ ಕೈ ಇಟ್ಟು ಬೆಚ್ಚಗಾಗೋಣ ಅಂದುಕೊಳ್ಳುತ್ತಾನೆ. ನಾಯಿಯನ್ನು ತಬ್ಬಿ ಹಿಡಿದ ಮೇಲೆ ಗೊತ್ತಾಗುತ್ತದೆ, ಚಾಕು ಹಿಡಿಯುವ ಶಕ್ತಿಯೂ ಕೈಗೆ ಉಳಿದಿಲ್ಲ. ಅವನು ಸಾಯುತ್ತಾನೆ.

ಹಿಮಕ್ಕೆ ಅವನ ಮೇಲೆ ದ್ವೇಷವೇನೂ ಇಲ್ಲ. ಹಾಗಾದರೆ ಅದು ಎದುರಾಳಿ ಹೇಗಾಗುತ್ತದೆ?

ದ್ವೇಷ ಇಲ್ಲದಿರುವುದರಿಂದಲೇ ಅದು ಬೇರೆ ರೀತಿಯ ಎದುರಾಳಿ. ಮನುಷ್ಯ ಶತ್ರುವಾದರೆ ಮಾತಾಡಬಹುದು, ಕಾಲು ಹಿಡಿಯಬಹುದು, ಲಂಚ ಕೊಡಬಹುದು, ಮೋಸ ಮಾಡಬಹುದು. ಚಳಿಯ ಹತ್ತಿರ ಇದ್ಯಾವುದೂ ನಡೆಯುವುದಿಲ್ಲ. ಅದಕ್ಕಿರುವುದು ನಿಯಮಗಳು ಮಾತ್ರ. ಒದ್ದೆಯಾದರೆ ಹೆಪ್ಪುಗಟ್ಟುತ್ತದೆ, ಅಲುಗಿಸಿದರೆ ಹಿಮ ಬೀಳುತ್ತದೆ. ಬರೆಯುವವರು ಆ ನಿಯಮಗಳನ್ನು ಓದುಗರಿಗೆ ಮೊದಲೇ ಕಾಣುವ ಹಾಗೆ ಇಟ್ಟಿರಬೇಕು. ಲಂಡನ್ ಅದನ್ನೇ ಮಾಡಿದ್ದಾರೆ. ಊಟೆ ನೀರಿನ ಸಂಗತಿ ಕಾಲು ಬೀಳುವ ಎಷ್ಟೋ ಮೊದಲು ಬಂದಿರುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೇ ಬೆರಳು ಮರಗಟ್ಟುವುದನ್ನು ನಾವು ನೋಡಿರುತ್ತೇವೆ. ಹಾಗಾಗಿ ಕೊನೆಯ ಸಾವು ಆಕಸ್ಮಿಕ ಅನ್ನಿಸುವುದಿಲ್ಲ.

ಆದರೆ ಅವನು ಸತ್ತಿದ್ದು ತನ್ನ ಜಂಬದಿಂದ ಅಲ್ವಾ? ಹಾಗಾದರೆ ಇದು ಮನಸ್ಸಿನ ಸಂಘರ್ಷ ಯಾಕಲ್ಲ?

ಈ ಪುಟದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಗುವುದು ಇದೇ ಕಥೆಯ ಹಳೆಯ ರೂಪದಲ್ಲಿ.

ಲಂಡನ್ ಇದೇ ಹೆಸರಿನ ಕಥೆಯನ್ನು 1902ರಲ್ಲೂ ಬರೆದಿದ್ದರು, ಹುಡುಗರು ಓದುವ ಒಂದು ಪತ್ರಿಕೆಗಾಗಿ. ಅದರಲ್ಲಿ ನಾಯಕನಿಗೆ ಟಾಮ್ ವಿನ್ಸೆಂಟ್ ಅಂತ ಹೆಸರಿದೆ. ನಾಯಿ ಇಲ್ಲ. ಅವನೂ ಒಬ್ಬನೇ ಹೊರಡುತ್ತಾನೆ, ಅವನ ಕಾಲೂ ಒದ್ದೆಯಾಗುತ್ತದೆ. ಆದರೆ ಅವನು ಕಷ್ಟಪಟ್ಟು ಬೆಂಕಿ ಹೊತ್ತಿಸಿ ಬದುಕುತ್ತಾನೆ. ಇಂಥ ಚಳಿಯಲ್ಲಿ ಒಬ್ಬನೇ ಹೋಗಬಾರದು ಅಂತ ಪಾಠ ಕಲಿಯುತ್ತಾನೆ.

ಎರಡೂ ಕಥೆಗಳಲ್ಲಿ ಚಳಿ ಹೆಚ್ಚುಕಡಿಮೆ ಒಂದೇ, ಅಪಾಯ ಒಂದೇ. ಬದಲಾಗಿದ್ದು ಮನುಷ್ಯ. 1908ರ ಕಥೆಯಲ್ಲಿ ಸಲ್ಫರ್ ಕ್ರೀಕ್‌ನ ಒಬ್ಬ ಹಳಬ ಮೊದಲೇ ಎಚ್ಚರಿಕೆ ಕೊಟ್ಟಿರುತ್ತಾನೆ. ಐವತ್ತು ಡಿಗ್ರಿಗಿಂತ ಕೆಳಗೆ ಹೋದರೆ ಯಾರೂ ಒಬ್ಬರೇ ಓಡಾಡಬಾರದು ಅಂತ. ನಮ್ಮ ಮನುಷ್ಯ ಅದನ್ನು ಕೇಳಿ ನಕ್ಕಿರುತ್ತಾನೆ. ಮೊದಲ ಬೆಂಕಿ ಹೊತ್ತಿಕೊಂಡಾಗಲೂ ಆ ಹಳಬನನ್ನು ನೆನೆದು, ನೋಡು, ನಾನು ಒಬ್ಬನೇ ಪಾರಾದೆ ಅಂತ ಬೀಗುತ್ತಾನೆ. ಆಮೇಲೆ ಹಿಮ ಬೀಳುತ್ತದೆ.

ಜಂಬ ಇದೆ, ಸರಿ. ಆದರೆ ಮನಸ್ಸಿನ ಸಂಘರ್ಷ ಅನ್ನಬೇಕಾದರೆ ಮನಸ್ಸು ಎರಡಾಗಬೇಕು. ಒಂದು ಭಾಗ ಹೋಗು ಅನ್ನಬೇಕು, ಇನ್ನೊಂದು ಬೇಡ ಅನ್ನಬೇಕು. ಇವನಿಗೆ ಆ ಒಳಗಿನ ಜಗ್ಗಾಟ ಇಲ್ಲವೇ ಇಲ್ಲ. ಊಹೆ ಮಾಡುವ ಶಕ್ತಿ ಇಲ್ಲದವನು ಅಂತ ಲಂಡನ್ ಶುರುವಿನಲ್ಲೇ ಹೇಳಿಬಿಡುತ್ತಾರೆ. ಅವನ ಹೋರಾಟ ಹೊರಗಿನ ಚಳಿಯ ಜೊತೆಗೇ. ಜಂಬ ಅವನ ದೌರ್ಬಲ್ಯ, ಅಷ್ಟೆ. ದೌರ್ಬಲ್ಯ ಬೇರೆ, ಒಳಗಿನ ಸಂಘರ್ಷ ಬೇರೆ. ಪರೀಕ್ಷೆಯ ಉತ್ತರಗಳಲ್ಲಿ ಈ ಎರಡನ್ನು ಒಂದೇ ಮಾಡಿಬಿಡುವುದನ್ನು ತುಂಬ ನೋಡಿದ್ದೇನೆ.

ಸಮಾಜ ಅನ್ನುವುದು ಒಬ್ಬ ವ್ಯಕ್ತಿಯಲ್ಲ. ಅದು ಕಥೆಯಲ್ಲಿ ಹೇಗೆ ಎದುರು ಬಂದು ನಿಲ್ಲುತ್ತದೆ?

ಒಳ್ಳೆಯ ಜನರ ರೂಪದಲ್ಲಿ. ಶರ್ಲಿ ಜ್ಯಾಕ್ಸನ್ ಅವರ ‘ದಿ ಲಾಟರಿ’ 1948ರ ಜೂನ್‌ನಲ್ಲಿ ‘ದಿ ನ್ಯೂಯಾರ್ಕರ್’ನಲ್ಲಿ ಬಂದಾಗ ಓದುಗರಿಂದ ಸಿಟ್ಟಿನ, ಗೊಂದಲದ ಕಾಗದಗಳು ರಾಶಿ ರಾಶಿ ಬಂದವು. ಸುಮಾರು 300 ಜನರ ಒಂದು ಹಳ್ಳಿ. ಜೂನ್ 27ರ ಬೆಳಿಗ್ಗೆ ಹತ್ತಕ್ಕೆ ಎಲ್ಲರೂ ಚೌಕದಲ್ಲಿ ಸೇರುತ್ತಾರೆ. ಮಕ್ಕಳು ಕಲ್ಲು ಆರಿಸಿ ಗುಡ್ಡೆ ಹಾಕುತ್ತಾರೆ. ಗಂಡಸರು ಬೆಳೆ, ಮಳೆ, ಟ್ರ್ಯಾಕ್ಟರ್ ಅಂತ ಮಾತಾಡುತ್ತಾರೆ. ಕಪ್ಪು ಪೆಟ್ಟಿಗೆಯಿಂದ ಚೀಟಿ ಎತ್ತುತ್ತಾರೆ. ಗುರುತಿರುವ ಚೀಟಿ ಸಿಕ್ಕವರನ್ನು ಊರೆಲ್ಲ ಸೇರಿ ಕಲ್ಲು ಹೊಡೆದು ಕೊಲ್ಲುತ್ತದೆ.

ಇಲ್ಲಿ ಖಳನಾಯಕ ಯಾರೂ ಇಲ್ಲ. ಲಾಟರಿ ನಡೆಸುವ ಸಮ್ಮರ್ಸ್ ಹಸನ್ಮುಖಿ. ಈ ಸಲ ಆ ಚೀಟಿ ಸಿಗುವ ಟೆಸ್ಸಿಯ ಜೊತೆ ಆಗ ತಾನೇ ನಕ್ಕು ಮಾತಾಡಿದ ಡೆಲಕ್ರಾ ಅನ್ನುವ ಹೆಂಗಸು ಕೊನೆಗೆ ಎರಡು ಕೈಯಲ್ಲಿ ಎತ್ತಬೇಕಾದಷ್ಟು ದೊಡ್ಡ ಕಲ್ಲು ಆರಿಸುತ್ತಾಳೆ. ಟೆಸ್ಸಿಯ ಚಿಕ್ಕ ಮಗನ ಕೈಗೂ ಯಾರೋ ಒಂದಷ್ಟು ಸಣ್ಣ ಕಲ್ಲು ಕೊಡುತ್ತಾರೆ. ಪದ್ಧತಿ ಯಾಕೆ ಶುರುವಾಯಿತು ಅನ್ನುವುದು ಯಾರಿಗೂ ಸರಿಯಾಗಿ ನೆನಪಿಲ್ಲ. ಹಳೆಯ ಪೆಟ್ಟಿಗೆ ಎಂದೋ ಕಳೆದುಹೋಗಿದೆ. ಕಲ್ಲು ಮಾತ್ರ ನೆನಪಿದೆ.

ಇನ್ನು ಟೆಸ್ಸಿಯನ್ನು ನೋಡಿ. ಪಾತ್ರೆ ತೊಳೆಯುತ್ತಾ ಮರೆತೇಬಿಟ್ಟೆ ಅಂತ ನಗುತ್ತಾ ತಡವಾಗಿ ಬರುತ್ತಾಳೆ. ಹೋಗು, ಚೀಟಿ ಎತ್ತು ಅಂತ ಗಂಡನನ್ನು ಅವಳೇ ಅವಸರ ಮಾಡುತ್ತಾಳೆ. ಚೀಟಿ ತನ್ನ ಮನೆಗೆ ಬಂದಾಗ ಮಾತ್ರ ಇದು ಅನ್ಯಾಯ ಅನ್ನುತ್ತಾಳೆ. ಆಗಲೂ ಅವಳು ಕೇಳುವುದು ಏನು? ಮದುವೆಯಾಗಿ ಹೋದ ಮಗಳನ್ನೂ ನಮ್ಮ ಜೊತೆ ಸೇರಿಸಿ ಅಂತ. ತನ್ನ ಪಾಲಿನ ಅಪಾಯ ಕಡಿಮೆಯಾಗಲಿ ಅಂತ ಮಗಳನ್ನೇ ಒಳಗೆ ಎಳೆಯುತ್ತಾಳೆ. ನನ್ನ ಪ್ರಕಾರ ಕಥೆಯ ಅತಿ ಭಯಂಕರ ಸಾಲು ಅದೇ, ಕೊನೆಯ ಕಲ್ಲಲ್ಲ. ಸಮಾಜ ಅವಳ ಎದುರು ನಿಂತಿರುವಷ್ಟೇ ಅವಳ ಒಳಗೂ ಇದೆ.

ಇದಕ್ಕೆ ಕನ್ನಡದ ಕಥೆ ಯಾವುದನ್ನು ಓದಬೇಕು?

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’. ಗಿರೀಶ್ ಕಾಸರವಳ್ಳಿಯವರ ಸಿನಿಮಾ ನೋಡಿದವರೂ ಮೂಲ ಕಥೆ ಓದಬೇಕು. ವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಅಗ್ರಹಾರಕ್ಕೆ ಗೊತ್ತಾಗುತ್ತದೆ. ತಂದೆ ಉಡುಪರು ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾರೆ.

ಉಡುಪರನ್ನೇ ಎದುರಾಳಿ ಅಂತ ಬರೆದರೆ ಉತ್ತರ ಚಿಕ್ಕದಾಗಿಬಿಡುತ್ತದೆ. ಅವರು ಕಟ್ಟಳೆಯ ಕೈ ಮಾತ್ರ. ಇಡೀ ಕಥೆಯನ್ನು ನಾವು ನೋಡುವುದು ಅವರ ಮನೆಯಲ್ಲಿ ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಯ ಕಣ್ಣಿಂದ. ಅವನಿಗೆ ಬಸಿರು, ಮೈಲಿಗೆ, ಬಹಿಷ್ಕಾರ ಯಾವುದೂ ಪೂರ್ತಿ ಅರ್ಥವಾಗುವುದಿಲ್ಲ. ಅವನಿಗೆ ಗೊತ್ತಿರುವುದು ತನ್ನನ್ನು ಪ್ರೀತಿಯಿಂದ ನೋಡಿಕೊಂಡ ಯಮುನಕ್ಕ. ಕಟ್ಟಳೆ ಇನ್ನೂ ಒಳಗಿಳಿಯದ ಒಬ್ಬನ ಕಣ್ಣಿಂದ ನೋಡಿದಾಗಲೇ ಅದು ಎಷ್ಟು ಕ್ರೂರ ಅಂತ ಕಾಣುವುದು. ದೊಡ್ಡವರೊಬ್ಬರು ಹೇಳಿದ್ದರೆ ಕಥೆಯಲ್ಲಿ ವಾದ ಬರುತ್ತಿತ್ತು. ನಾಣಿ ವಾದ ಮಾಡುವುದಿಲ್ಲ, ನೋಡುತ್ತಾನೆ. ಮಗಳಿಗೆ ಶ್ರಾದ್ಧ ಮಾಡಿದ ಉಡುಪರು ಈ ವಯಸ್ಸಿನಲ್ಲಿ ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲಿದ್ದಾರೆ ಅನ್ನುವುದು ಕೊನೆಗೆ ಬರುತ್ತದೆ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಕಟ್ಟಳೆ ಯಾರಿಗೆ, ಯಾರಿಗಲ್ಲ ಅನ್ನುವುದು ಈ ಒಂದು ಸಂಗತಿಯಿಂದಲೇ ತಿಳಿದುಬಿಡುತ್ತದೆ.

ಮನಸ್ಸಿನೊಳಗಿನ ಸಂಘರ್ಷವನ್ನು ಹೊರಗೆ ಕಾಣುವ ಹಾಗೆ ತೋರಿಸುವುದು ಹೇಗೆ?

ಎಡ್ಗರ್ ಅಲನ್ ಪೋ 1843ರಲ್ಲಿ ಪ್ರಕಟಿಸಿದ ‘ದಿ ಟೆಲ್-ಟೇಲ್ ಹಾರ್ಟ್’ ನೋಡಿ. ಕಥೆ ಹೇಳುವವನು ಒಬ್ಬ ಮುದುಕನನ್ನು ಕೊಲ್ಲುತ್ತಾನೆ. ಮುದುಕನ ಮೇಲೆ ಪ್ರೀತಿ ಇತ್ತು, ಅವನ ಹಣ ಬೇಕಿರಲಿಲ್ಲ, ಅವನ ಆ ಒಂದು ಕಣ್ಣು ಸಹಿಸಲಾಗಲಿಲ್ಲ ಅಂತ ಅವನೇ ಹೇಳುತ್ತಾನೆ. ಹೆಣವನ್ನು ತುಂಡು ಮಾಡಿ ನೆಲಹಾಸಿನ ಹಲಗೆಗಳ ಕೆಳಗೆ ಮುಚ್ಚಿಡುತ್ತಾನೆ. ಪಕ್ಕದವರು ಕಿರುಚಾಟ ಕೇಳಿ ದೂರು ಕೊಟ್ಟಿದ್ದರಿಂದ ಮೂವರು ಪೊಲೀಸರು ಬರುತ್ತಾರೆ.

ಈಗ ನಮ್ಮ ಪ್ರಶ್ನೆ ಕೇಳೋಣ. ಕಥೆ ತಿರುಗುವುದು ಎಲ್ಲಿ? ಪೊಲೀಸರು ಮನೆ ನೋಡಿ ಸಮಾಧಾನವಾಗಿದ್ದಾರೆ. ಅವರಿಗೆ ಏನೂ ಸಿಕ್ಕಿಲ್ಲ. ಅವರಷ್ಟಕ್ಕೆ ಅವರು ಹೊರಟುಹೋಗಬಹುದಿತ್ತು. ಇವನೇ ಕುರ್ಚಿ ತಂದು ಕೂರಿಸುತ್ತಾನೆ. ತನ್ನ ಕುರ್ಚಿಯನ್ನು ಹೆಣ ಇರುವ ಜಾಗದ ಮೇಲೇ ಹಾಕಿಕೊಳ್ಳುತ್ತಾನೆ. ಆಮೇಲೆ ಅವನಿಗೆ ಎದೆಬಡಿತ ಕೇಳಿಸಲು ಶುರುವಾಗುತ್ತದೆ. ಪೊಲೀಸರು ಹರಟುತ್ತಲೇ ಇದ್ದಾರೆ, ಅವರಿಗೆ ಕೇಳಿಸಿದ ಲಕ್ಷಣ ಇಲ್ಲ. ಕೊನೆಗೆ ಇವನೇ ಕಿರುಚಿ ಹಲಗೆ ಕೀಳಿ ಅನ್ನುತ್ತಾನೆ.

ಅವನನ್ನು ಹಿಡಿದುಕೊಟ್ಟಿದ್ದು ಪೊಲೀಸರಲ್ಲ. ಹಾಗಾಗಿ ಇದು ಕಾನೂನಿನ ಜೊತೆಗಿನ ಸಂಘರ್ಷ ಅನ್ನಲು ಬರುವುದಿಲ್ಲ. ಇನ್ನೊಂದನ್ನೂ ಗಮನಿಸಿ. ನನಗೆ ಪಶ್ಚಾತ್ತಾಪವಾಯಿತು ಅಂತ ಅವನು ಒಂದು ಕಡೆಯೂ ಹೇಳುವುದಿಲ್ಲ. ಕುರ್ಚಿ ಹಾಕುವುದು, ಸದ್ದು ಮುಚ್ಚಲು ಜೋರಾಗಿ ಮಾತಾಡುವುದು, ಎದ್ದು ಶತಪಥ ಹಾಕುವುದು – ಒಳಗಿನದ್ದೆಲ್ಲ ಮೈಯ ಕೆಲಸವಾಗಿ ಹೊರಬರುತ್ತದೆ.

‘ದಿ ನೆಕ್ಲೇಸ್’ ಕಥೆ ಯಾವ ವಿಧಕ್ಕೆ ಸೇರುತ್ತದೆ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮೊಪಾಸಾನ 1884ರ ಈ ಕಥೆ ಬಹಳ ಜನರಿಗೆ ಗೊತ್ತು. ಗುಮಾಸ್ತನ ಹೆಂಡತಿ ಮಟಿಲ್ಡಾ ಒಂದು ರಾತ್ರಿಯ ಪಾರ್ಟಿಗೆ ಗೆಳತಿಯ ಹತ್ತಿರ ವಜ್ರದ ಹಾರ ಎರವಲು ತರುತ್ತಾಳೆ, ಕಳೆಯುತ್ತಾಳೆ. 36,000 ಫ್ರಾಂಕ್ ಕೊಟ್ಟು ಅಂಥದ್ದೇ ಹಾರ ಕೊಂಡು ವಾಪಸು ಕೊಡುತ್ತಾರೆ. ಸಾಲ ತೀರಿಸಲು ಗಂಡ ಹೆಂಡತಿ ಹತ್ತು ವರ್ಷ ದುಡಿಯುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆ ಹಾರ ನಕಲಿ, ಹೆಚ್ಚೆಂದರೆ 500 ಫ್ರಾಂಕ್ ಬೆಲೆ.

ಬಡವರನ್ನು ಕೀಳಾಗಿ ನೋಡುವ ಸಮಾಜವೇ ಕಾರಣ ಅಂತ ಕೆಲವರು. ಅವಳ ಅತೃಪ್ತಿಯೇ ಕಾರಣ ಅಂತ ಇನ್ನು ಕೆಲವರು. ತಿರುವು ಎಲ್ಲಿದೆ ನೋಡಿ. ಹಾರ ಕಳೆದದ್ದು ತಿರುವಲ್ಲ, ಅದು ಆಕಸ್ಮಿಕ. ಹುಡುಕಿ ಸಿಗದಿದ್ದಾಗ ಗಂಡ ಒಂದು ಉಪಾಯ ಹೇಳುತ್ತಾನೆ: ಹಾರದ ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಅಂತ ಗೆಳತಿಗೆ ಬರೆ. ಅವಳು ಬರೆಯುತ್ತಾಳೆ. ಆ ಗಳಿಗೆಯಲ್ಲಿ ನಿಜ ಹೇಳಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಯಾರೂ ಅವರನ್ನು ಬೆದರಿಸಿರಲಿಲ್ಲ. ತಾವು ಬಡವರು ಅಂತ ಒಪ್ಪಿಕೊಳ್ಳಲಾಗದ ನಾಚಿಕೆ ಅವರ ಕೈ ಕಟ್ಟಿತು. ಅದಕ್ಕೇ ನಾನು ಇದನ್ನು ಮನಸ್ಸಿನ ಸಂಘರ್ಷ ಅನ್ನುತ್ತೇನೆ. ಆ ನಾಚಿಕೆಯನ್ನು ಅವಳೊಳಗೆ ಬಿತ್ತಿದ್ದು ಸಮಾಜ ಅನ್ನುವುದೂ ನಿಜ. ನೀವು ಸಮಾಜ ಅಂತಲೇ ಬರೆಯಿರಿ, ತಪ್ಪೇನಿಲ್ಲ. ಆದರೆ ಯಾವ ಸನ್ನಿವೇಶದಿಂದ ಹಾಗೆ ಹೇಳುತ್ತಿದ್ದೀರಿ ಅಂತ ತೋರಿಸಿ.

ಹೊರಗೆ ಒಂದು ಜಗಳ, ಒಳಗೆ ಇನ್ನೊಂದು – ಹೀಗೆ ಎರಡೂ ಇರುವ ಕಥೆ ಇದೆಯಾ?

ಮಾಸ್ತಿಯವರ ‘ಮೊಸರಿನ ಮಂಗಮ್ಮ’. ಮೊಮ್ಮಗನನ್ನು ಸೊಸೆ ಹೊಡೆದಳು ಅಂತ ಅತ್ತೆ ಸೊಸೆಗೆ ಮಾತು ಬೆಳೆದು, ಮಂಗಮ್ಮ ಬೇರೆಯಾಗುತ್ತಾಳೆ. ಮೇಲೆ ಕಾಣುವುದು ಇಷ್ಟೇ. ಬೇರೆಯಾದ ಮೇಲೆ ಅವಳ ಒಳಗೆ ನಡೆಯುವುದೇ ಮುಖ್ಯ. ಯಾರಿಗಾಗಿ ಕೂಡಿಡಬೇಕು ಅನ್ನಿಸಿ ಮಖಮಲ್ ರವಿಕೆ ಹೊಲಿಸಿಕೊಳ್ಳುತ್ತಾಳೆ. ದಾರಿಯಲ್ಲಿ ರಂಗಪ್ಪ ಸಲಿಗೆಯಿಂದ ಮಾತಾಡಿಸಿದಾಗ ಕದಲುತ್ತಾಳೆ, ಹೆದರುತ್ತಾಳೆ. ಇದನ್ನೆಲ್ಲ ಮೊಸರು ಕೊಳ್ಳುವ ಮನೆಯ ಅಮ್ಮನ ಹತ್ತಿರ ಹೇಳಿಕೊಳ್ಳುತ್ತಾಳೆ. ಹಾಗಾಗಿ ಅವಳ ಒಳಗಿನ ಹೊಯ್ದಾಟ ನಮಗೆ ಮಾತಾಗಿ ಕೇಳುತ್ತದೆ. ಒಂದೇ ಕಥೆಯಲ್ಲಿ ಎರಡು ಸಂಘರ್ಷ ಇಡಬೇಕಾದರೆ ಒಂದು ಇನ್ನೊಂದನ್ನು ಹುಟ್ಟಿಸಬೇಕು. ಇಲ್ಲಿ ಜಗಳ ಒಂಟಿತನವನ್ನು ಹುಟ್ಟಿಸುತ್ತದೆ, ಒಂಟಿತನ ಅವಳನ್ನು ರಾಜಿಯ ಕಡೆಗೆ ತಳ್ಳುತ್ತದೆ.

ನಾನು ಕಥೆ ಬರೆಯುತ್ತಿದ್ದೇನೆ. ಸಂಘರ್ಷ ಗಟ್ಟಿಯಾಗಿಲ್ಲ ಅಂತ ಓದಿದವರು ಹೇಳುತ್ತಾರೆ. ಏನು ನೋಡಬೇಕು?

ಪ್ರಕೃತಿಯ ಕಥೆಯಾದರೆ ಆ ಮಳೆಯನ್ನೋ ಪ್ರವಾಹವನ್ನೋ ತೆಗೆದು ಓದಿ. ಕಥೆ ಹಾಗೇ ನಿಂತರೆ ಮಳೆ ಬರೀ ಅಲಂಕಾರ. ನೀರು ಎಷ್ಟು ಏರಿತು, ಯಾವ ದಾರಿ ಮುಚ್ಚಿತು, ಅದರಿಂದ ಇವರು ಏನನ್ನು ಬಿಟ್ಟು ಏನನ್ನು ಎತ್ತಿಕೊಂಡರು ಅನ್ನುವುದು ಬರಬೇಕು.

ಸಮಾಜದ ಕಥೆಯಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಎಲ್ಲ ಕೆಟ್ಟತನವನ್ನೂ ಒಬ್ಬ ಗೌಡನ ಮೇಲೋ ಒಬ್ಬ ಅತ್ತೆಯ ಮೇಲೋ ಹಾಕುವುದು. ಆ ಒಬ್ಬರು ನಾಳೆ ಊರು ಬಿಟ್ಟರೆ ಸಮಸ್ಯೆ ಮುಗಿಯುತ್ತದಾ ಅಂತ ಕೇಳಿಕೊಳ್ಳಿ. ಮುಗಿಯುವುದಾದರೆ ನೀವು ಬರೆದದ್ದು ಇಬ್ಬರ ನಡುವಿನ ಜಗಳ. ‘ದಿ ಲಾಟರಿ’ಯಲ್ಲಿ ಸಮ್ಮರ್ಸ್ ಊರು ಬಿಟ್ಟರೂ ಮುಂದಿನ ಜೂನ್‌ಗೆ ಪೆಟ್ಟಿಗೆ ಹೊರಗೆ ಬರುತ್ತದೆ.

ಮನಸ್ಸಿನ ಕಥೆಯಲ್ಲಿ ಪಾತ್ರ ಕಿಟಕಿ ಪಕ್ಕ ಕೂತು ಸುಮ್ನೆ ಯೋಚಿಸುತ್ತಾ ಹೋಗುತ್ತದೆ. ಅಲ್ಲಿ ಒಂದು ಗಡುವು ತನ್ನಿ. ಸಂಜೆಯೊಳಗೆ ಫೋನ್ ಮಾಡಬೇಕು, ನಾಳೆ ಸಹಿ ಹಾಕಬೇಕು, ಪೊಲೀಸರು ಎದುರಿಗೇ ಕೂತಿದ್ದಾರೆ. ಏನೂ ಮಾಡದೆ ಇರುವುದೂ ಒಂದು ತೀರ್ಮಾನ ಆಗುವ ಹಾಗಿರಬೇಕು.

ಸಂಘರ್ಷ ಕೊನೆಗೆ ಬಗೆಹರಿಯಲೇಬೇಕಾ?

ಇಲ್ಲ. ಆದರೆ ಏನಾಯಿತು ಅಂತ ಗೊತ್ತಾಗಬೇಕು. ಮಂಗಮ್ಮನ ಕಥೆಯಲ್ಲಿ ಅತ್ತೆ ಸೊಸೆ ಒಂದಾಗುತ್ತಾರೆ. ಲಂಡನ್ನನ 1902ರ ಟಾಮ್ ಬದುಕುತ್ತಾನೆ, 1908ರ ಮನುಷ್ಯ ಸಾಯುತ್ತಾನೆ. ಇವುಗಳಲ್ಲಿ ಪ್ರಶ್ನೆ ಮುಗಿದಿದೆ. ‘ದಿ ಲಾಟರಿ’ಯಲ್ಲಿ ಟೆಸ್ಸಿಯ ಗತಿ ತಿಳಿಯುತ್ತದೆ, ಲಾಟರಿ ಮಾತ್ರ ಮುಂದುವರಿಯುತ್ತದೆ. ಅಕ್ಕಪಕ್ಕದ ಕೆಲವು ಹಳ್ಳಿಗಳು ಅದನ್ನು ಬಿಟ್ಟಿವೆ ಅನ್ನುವ ಮಾತೂ ಕಥೆಯಲ್ಲಿದೆ, 77 ವರ್ಷಗಳಿಂದ ಚೀಟಿ ಎತ್ತುತ್ತಿರುವ ಮುದುಕ ವಾರ್ನರ್ ಅವರನ್ನು ಹುಚ್ಚರು ಅಂತ ಬೈಯುತ್ತಾನೆ. ಬಿಡಬಹುದು ಅಂತ ಗೊತ್ತಿದ್ದೂ ಬಿಡದ ಊರು ಅದು. ಹಾಗಾಗಿ ಓದುಗರು ಟೆಸ್ಸಿಗಿಂತ ಆ ಊರಿನ ಬಗ್ಗೆಯೇ ಜಾಸ್ತಿ ಹೊತ್ತು ಯೋಚಿಸುತ್ತಾರೆ. ಕಥೆ ಬಗೆಹರಿಸದೆ ಬಿಡುವುದಾದರೆ ಹೀಗೆ ಬಿಡಬೇಕು: ವ್ಯಕ್ತಿಗೆ ಏನಾಯಿತು ಅನ್ನುವುದರಲ್ಲಿ ಅನುಮಾನ ಇಟ್ಟುಕೊಳ್ಳದೆ.